ಹದಿನಾಲ್ಕನೇ ಅಂಕಣದ ಒಂದು ಅಕ್ಷರ

ಒತ್ತಾವಿಯೋ ರಿಗಾಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಮೊರಾಗ್ ಸ್ಕಾಟ್ಲೆಂಡಿನಿಂದ ಒಬ್ಬಳೇ ಇಟಲಿಯ ಬಾರ್ಗಾಕ್ಕೆ ಬಂದಳು. ಅಕ್ಟೋಬರ್ ತಿಂಗಳು. ಕಾಡಿನಲ್ಲಿ ಚೆಸ್ಟ್‌ನಟ್ ಉದುರುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಫ್ರಾನ್ಸ್ ದಾಟಿ ಬಂದು, ಬೆಟ್ಟದ ಮೇಲಿನ ಸೊಮ್ಮೊಕೊಲೋನಿಯಾದಲ್ಲಿದ್ದ ಒತ್ತಾವಿಯೋನ ತಂದೆಯ ಮನೆಯಲ್ಲಿ ಎರಡು ತಿಂಗಳು ಇದ್ದು ಹೋಗುತ್ತಿದ್ದರು. ಈ ಸಲ ಅವಳು ಬಂದದ್ದು ವಿಮಾನದಲ್ಲಿ, ಒಂದು ಸಣ್ಣ ಪೆಟ್ಟಿಗೆ ಹಿಡಿದುಕೊಂಡು. ಬಂದ ಮಾರನೆಯ ಬೆಳಿಗ್ಗೆಯೇ ಡೆಲ್ಫಿನಾ ಬಿಯಾಜೋನಿಯ ಮೆಟ್ಟಿಲು ಹತ್ತಿದಳು.

ಡೆಲ್ಫಿನಾ ಆ ಊರಿನ ಅನುವಾದಕಿ. ಹುಡುಗಿಯಾಗಿದ್ದಾಗ ಗ್ಲಾಸ್ಗೋದಲ್ಲಿ ಸೋದರಮಾವನ ಐಸ್‌ಕ್ರೀಂ ಅಂಗಡಿಯ ಮೇಲಿನ ಮನೆಯಲ್ಲಿದ್ದು ಓದಿದವಳು. ಬಾರ್ಗಾದಿಂದ ಸ್ಕಾಟ್ಲೆಂಡಿಗೆ ಹೋಗದ ಮನೆತನವೇ ಇಲ್ಲದ್ದರಿಂದ ಅವಳಿಗೆ ಕೆಲಸಕ್ಕೆ ಬರವಿರಲಿಲ್ಲ. ಜನನ ಪತ್ರ, ಮದುವೆ ಪತ್ರ, ಅಜ್ಜನ ಆಸ್ತಿಯಲ್ಲಿ ಹನ್ನೊಂದು ಜನ ಮೊಮ್ಮಕ್ಕಳಿಗೆ ಪಾಲು ಮಾಡಿದ ಪತ್ರ, ಎಲ್ಲವೂ ಅವಳ ಮೇಜಿನ ಮೇಲೇ ಹಾದು ಹೋಗಬೇಕು.

ಮೊರಾಗ್ ಕೈಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಹಾಳೆ ತೆಗೆದಳು. ರಸ್ತೆಯಲ್ಲಿ ಎರಡು ಗಾಡಿ ತಾಗಿದರೆ ಇಬ್ಬರು ಚಾಲಕರೂ ಸೇರಿ ತುಂಬಿ ಸಹಿ ಹಾಕುವ ಫಾರಂ ಅದು. ಊರಲ್ಲಿ ಎಲ್ಲರ ಗಾಡಿಯಲ್ಲೂ ಒಂದು ಬಿದ್ದಿರುತ್ತದೆ. ಎಡಗಡೆ ನೀಲಿ ಅಂಕಣ 'ಎ' ಗಾಡಿಗೆ, ಬಲಗಡೆ ಹಳದಿ ಅಂಕಣ 'ಬಿ' ಗಾಡಿಗೆ, ನಡುವೆ ಗುರುತು ಹಾಕುವ ಚೌಕಗಳು, ಕೆಳಗೆ ಚಿತ್ರ ಬರೆಯುವ ಜಾಗ.

"ಇದನ್ನ ಇಂಗ್ಲಿಷಿಗೆ ಮಾಡಿಕೊಡು ಡೆಲ್ಫಿನಾ. ಅಲ್ಲಿನ ವಿಮೆಯವರು ಕೇಳ್ತಿದಾರೆ."

ಡೆಲ್ಫಿನಾ ಹಾಳೆಯ ನೀಲಿ ಕಡೆಯ ಹೆಸರು ನೋಡಿದಳು. ಲೋರಿಸ್ ಜುಂತಿನಿ. ನೋಡದೆಯೂ ಅವಳಿಗೆ ಗೊತ್ತಿತ್ತು.

"ಮೊದಲೇ ಹೇಳಿಬಿಡ್ತೀನಿ ಮೊರಾಗ್. ಈ ಲೋರಿಸ್ ನನ್ನ ಅಕ್ಕನ ಮಗ. ಇದನ್ನ ನಾನು ಮಾಡೋದು ಸರಿಯಲ್ಲ. ಲುಕ್ಕಾದಲ್ಲಿ ಇನ್ನೊಬ್ಬರಿದಾರೆ, ವಿಳಾಸ ಕೊಡ್ತೀನಿ."

"ನಿನ್ನ ಅಕ್ಕನ ಮಗ ಅಂತ ನಂಗೊತ್ತಿಲ್ವಾ? ಲುಕ್ಕಾದವರಿಗೆ ಒತ್ತಾವಿಯೋನ ಅಕ್ಷರ ಓದೋಕೆ ಬರುತ್ತಾ? ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನೀನಾದರೆ ಅವನ ಪತ್ರಗಳನ್ನೆಲ್ಲ ಓದಿದೀಯ. ನೀನೇ ಮಾಡು."

ಡೆಲ್ಫಿನಾ ಒಪ್ಪಿಕೊಂಡಳು. ಆದರೆ ಅನುವಾದದ ಕೆಳಗೆ ತನ್ನ ಸಂಬಂಧವನ್ನೂ ಬರೆಯುತ್ತೇನೆ ಎಂದಳು. ಬರಿ, ಅದಕ್ಕೇನು, ಎಂದಳು ಮೊರಾಗ್.

ನಡೆದದ್ದು ಇಷ್ಟು. ಆಗಸ್ಟಿನಲ್ಲಿ ಒತ್ತಾವಿಯೋ ಬಾರ್ಗಾದಿಂದ ಸಾಮಾನು ತೆಗೆದುಕೊಂಡು ಬೆಟ್ಟ ಹತ್ತುತ್ತಿದ್ದ. ಲೋರಿಸ್ ತನ್ನ ಬೇಕರಿಯ ವ್ಯಾನಿನಲ್ಲಿ ಇಳಿಯುತ್ತಿದ್ದ. ಸೊಮ್ಮೊಕೊಲೋನಿಯಾದ ರಸ್ತೆಯಲ್ಲಿ ನಡುಗೆರೆ ಇಲ್ಲ, ಎರಡು ಗಾಡಿ ಎದುರಾದರೆ ಒಬ್ಬ ನಿಲ್ಲಲೇಬೇಕು. ಕುರುಡು ತಿರುವಿನಲ್ಲಿ ಪುರಸಭೆಯವರು ಒಂದು ಗುಂಡುಗನ್ನಡಿ ನೆಟ್ಟಿದ್ದಾರೆ, ಎರಡೂ ಕಡೆಯವರಿಗೂ ಎದುರು ಬರುವವರು ಕಾಣಲಿ ಎಂದು. ಆ ತಿರುವಿನಲ್ಲೇ ಎರಡೂ ಗಾಡಿಯ ಮೂಲೆಗಳು ಬಡಿದುಕೊಂಡವು. ಇಬ್ಬರೂ ಇಳಿದರು, ಕೈಕುಲುಕಿದರು, ಕಾರಿನ ಮೂತಿಯ ಮೇಲೆ ಫಾರಂ ಹರಡಿ ತುಂಬಿದರು. ಪೊಲೀಸರನ್ನು ಯಾರೂ ಕರೆಯಲಿಲ್ಲ. ಒತ್ತಾವಿಯೋನ ತಲೆ ಪಕ್ಕದ ಗಾಜಿಗೆ ಬಡಿದಿತ್ತು. ಮನೆಗೆ ಬಂದವನು ಮೊರಾಗ್‌ಗೆ, "ಏನಿಲ್ಲ ಬಿಡು, ತಗಡು ಸೊಟ್ಟಾಯ್ತು" ಎಂದು ಹೇಳಿ ಊಟಕ್ಕೆ ಕೂತ. ಅವನು ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದ. ತಲೆಯೊಳಗೆ ರಕ್ತ ನಿಧಾನವಾಗಿ ಸೋರಿಕೊಳ್ಳುತ್ತಾ ಹೋದದ್ದು ಯಾರಿಗೂ ತಿಳಿಯಲಿಲ್ಲ. ಸ್ಕಾಟ್ಲೆಂಡಿಗೆ ಹಿಂತಿರುಗಿದ ಮೇಲೆ ಮಾತು ತೊದಲಿತು, ಒಂದು ಬೆಳಿಗ್ಗೆ ತನ್ನ ಅಂಗಡಿಯಲ್ಲೇ ಕುಸಿದು ತೀರಿಕೊಂಡ. ಎಪ್ಪತ್ತನಾಲ್ಕು ವರ್ಷ.

ಈಗ ಮೊರಾಗ್‌ಗೆ ಲೋರಿಸನ ವಿಮಾ ಕಂಪನಿಯ ಮೇಲೆ ದಾವೆ ಹೂಡಬೇಕಿತ್ತು. ಒತ್ತಾವಿಯೋನ ಕಾರಿನ ವಿಮೆಯ ಜೊತೆ ವಕೀಲರ ಖರ್ಚು ಕೊಡುವ ವಿಮೆಯೂ ಇತ್ತು. ಆದರೆ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂದು ಅವರಿಗೆ ಅನ್ನಿಸಿದರೆ ಮಾತ್ರ ಕೊಡುತ್ತಾರೆ. ಅನ್ನಿಸಬೇಕಾದರೆ ಮೊದಲು ಈ ಹಾಳೆ ಅವರಿಗೆ ಅರ್ಥವಾಗಬೇಕು.

ಡೆಲ್ಫಿನಾ ಕೂತಳು. ಫಾರಂ ಯೂರೋಪಿನಲ್ಲೆಲ್ಲ ಒಂದೇ. ಭಾಷೆ ಬೇರೆಯಾದರೂ ಅಂಕಣದ ಸಂಖ್ಯೆ, ಜಾಗ, ಸಾಲು ಒಂದಕ್ಕೊಂದು ಹೊಂದುತ್ತವೆ. ಇಂಗ್ಲಿಷ್ ಫಾರಂ ಪಕ್ಕದಲ್ಲಿಟ್ಟುಕೊಂಡರೆ ಅಚ್ಚಾದ ಮಾತುಗಳಲ್ಲಿ ತಲೆ ಕೆಡಿಸಿಕೊಳ್ಳುವುದೇನಿಲ್ಲ. ತಾರೀಖು, ಜಾಗ, ಗಾಡಿ ಸಂಖ್ಯೆ, ಚಾಲಕನ ಪರವಾನಗಿ. ಕೈಯಲ್ಲಿ ಬರೆದದ್ದೇ ಕಷ್ಟ.

ಮೊರಾಗ್ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮೂರನೇ ಅಂಕಣಕ್ಕೆ ಬಂದಾಗ ಬೆರಳಿಟ್ಟಳು.

"ಇದು ಏನು?"

"ಗಾಯ ಆಗಿದೆಯಾ, ಸಣ್ಣದಾದರೂ ಸರಿ, ಅಂತ ಕೇಳಿದೆ."

"ಏನು ಗುರುತು ಹಾಕಿದಾನೆ?"

"ಇಲ್ಲ ಅಂತ."

ಮೊರಾಗ್ ಬೆರಳು ತೆಗೆಯಲಿಲ್ಲ. "ಹಾಗೇ ಬರೀಬೇಕಾ?"

"ಹಾಗೇ ಬರೀಬೇಕು."

"ಬರಿ ಹಾಗಾದರೆ. ಅವನು ಹಾಗೇ. ಕಾಲು ಮುರಿದರೂ ಇಲ್ಲ ಅಂತಿದ್ದ."

ಹನ್ನೆರಡನೇ ಅಂಕಣದಲ್ಲಿ ಅಪಘಾತ ಹೇಗಾಯಿತು ಎನ್ನುವುದಕ್ಕೆ ಹದಿನೇಳು ಚೌಕಗಳು. ನಿಂತಿತ್ತು, ಹಿಂದಕ್ಕೆ ಬರುತ್ತಿತ್ತು, ಎದುರು ಬರುವವರ ಜಾಗಕ್ಕೆ ನುಗ್ಗಿತು, ಹೀಗೆ. ಇಬ್ಬರೂ ಒಂದಕ್ಕೂ ಗುರುತು ಹಾಕಿರಲಿಲ್ಲ. ಪರಸ್ಪರ ಮರ್ಯಾದೆಗೆ ಇರಬೇಕು. ಚಿತ್ರದಲ್ಲಿ ಎರಡು ಚೌಕ ರಸ್ತೆಯ ನಟ್ಟನಡುವೆ ಮೂತಿಗೆ ಮೂತಿ ಕೊಟ್ಟುಕೊಂಡಿದ್ದವು. ಅದನ್ನು ನೋಡಿದರೆ ಯಾರದ್ದು ತಪ್ಪು ಎಂದು ದೇವರಿಗೂ ತಿಳಿಯದು.

ಹದಿನಾಲ್ಕನೇ ಅಂಕಣ, ಟಿಪ್ಪಣಿ. ಲೋರಿಸ್ ಏನೂ ಬರೆದಿರಲಿಲ್ಲ. ಒತ್ತಾವಿಯೋ ಒಂದು ಸಾಲು ಬರೆದಿದ್ದ. ಕನ್ನಡಿ ನೋಡಲಿಲ್ಲ, ಎಂದು.

ಯಾರು ನೋಡಲಿಲ್ಲ?

ಇಟಾಲಿಯನ್ನಿನಲ್ಲಿ 'ನಾನು', 'ಅವನು' ಎಂದು ಬೇರೆಯಾಗಿ ಬರೆಯಬೇಕಾಗಿಲ್ಲ. ಕ್ರಿಯಾಪದದ ಹಿಂದಿನ ಪುಟ್ಟ ಪದವೇ ಹೇಳುತ್ತದೆ. 'ಓ' ಅಂದರೆ ನಾನು, 'ಆ' ಅಂದರೆ ಅವನು. ಓದಿದವರು ಅದರ ಹಿಂದೆ ಉಚ್ಚಾರಣೆಯಿಲ್ಲದ ಇನ್ನೊಂದು ಅಕ್ಷರ ಸೇರಿಸುತ್ತಾರೆ. ಒತ್ತಾವಿಯೋ ಯಾವತ್ತೂ ಸೇರಿಸಿದವನಲ್ಲ. ಆದ್ದರಿಂದ ಅಲ್ಲಿ ಇದ್ದದ್ದು ಒಂದೇ ಒಂದು ಅಕ್ಷರ, ಒಂದು ಗುಂಡನೆಯ ಸುತ್ತು. ಅದಕ್ಕೆ ಬಾಲವಿದ್ದರೆ 'ಆ', ಇಲ್ಲದಿದ್ದರೆ 'ಓ'. ಫಾರಂನಲ್ಲಿ ಒಂದರ ಕೆಳಗೊಂದು ನಾಲ್ಕು ಹಾಳೆ. ಮೇಲೆ ಒತ್ತಿ ಬರೆದದ್ದು ಕೆಳಗೆ ಮೂಡುತ್ತದೆ, ಆಮೇಲೆ ಇಬ್ಬರೂ ಎರಡೆರಡು ಹರಿದುಕೊಳ್ಳಬೇಕು. ಒತ್ತಾವಿಯೋನ ಪಾಲಿಗೆ ಬಂದದ್ದು ಕೆಳಗಿನೆರಡು. ಬಾಲ ಇರಬೇಕಾದ ಕಡೆ ತೆಳ್ಳನೆಯ ನೀಲಿ ಮಬ್ಬು.

ಡೆಲ್ಫಿನಾ ಭೂತಗನ್ನಡಿ ಹಿಡಿದಳು. ಅದೇ ಸಾಲಿನ ಬೇರೆ ಅಕ್ಷರಗಳನ್ನು ನೋಡಿದಳು. ಒತ್ತಾವಿಯೋ ಕೆಲವು ಕಡೆ ಬಾಲ ಎಳೆದಿದ್ದ, ಕೆಲವು ಕಡೆ ಎಳೆದಿರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಾಕಾಗಿ ಮೇಜಿನ ಮೇಲಿಟ್ಟಳು.

"ಏನಾಯ್ತು?" ಮೊರಾಗ್ ಕೇಳಿದಳು.

ಡೆಲ್ಫಿನಾ ಹೇಳಿದಳು. ಮೊರಾಗ್‌ಳ ಇಟಾಲಿಯನ್ ಅಂಗಡಿ ಬೀದಿಗೆ ಸಾಕಾಗುವಷ್ಟು ಮಾತ್ರ, ಆದರೂ ಅವಳಿಗೆ ತಕ್ಷಣ ಅರ್ಥವಾಯಿತು.

"ಅದು 'ಅವನು' ಅಂತ. ಒತ್ತಾವಿಯೋ ಆ ತಿರುವಿನಲ್ಲಿ ಹುಟ್ಟಿದವನು. ಕನ್ನಡಿ ನೋಡದೆ ಹೋಗ್ತಾನಾ?"

"ನಂಗೂ ಹಾಗೇ ಅನ್ಸುತ್ತೆ. ಆದರೆ ಅನ್ನಿಸಿದ್ದನ್ನ ನಾನು ಬರೆಯೋ ಹಾಗಿಲ್ಲ. ಹಾಳೆ ಮೇಲೆ ಕಾಣಬೇಕು."

"ಇಂಗ್ಲಿಷಲ್ಲಿ ಯಾರೋ ಒಬ್ಬರ ಹೆಸರು ಹಿಡಿಯಲೇಬೇಕಲ್ಲ."

"ಅದೇ ಕಷ್ಟ."

"ಡೆಲ್ಫಿನಾ," ಮೊರಾಗ್ ಕೈ ಹಿಡಿದುಕೊಂಡಳು, "ಒಂದು ಬಾಲ. ಒಂದು ಬಾಲ ಎಳೆಯೋಕೆ ನಿನಗೆ ಅಷ್ಟು ಕಷ್ಟವಾ?"

"ಎರಡು ದಿನ ಕೊಡಿ. ಮೇಲಿನ ಹಾಳೆ ಲೋರಿಸ್ ಹತ್ರ ಇದೆ. ಅದರಲ್ಲಿ ಅಕ್ಷರ ಸ್ಪಷ್ಟವಾಗಿರುತ್ತೆ."

ಸಂಜೆ ಲೋರಿಸ್ ಬಂದ. ನಲವತ್ತರ ಹತ್ತಿರದವನು, ಅಗಲ ಭುಜ, ತೋಳಿನ ರೋಮದಲ್ಲಿ ಸದಾ ಹಿಟ್ಟು. ತಾಯಿ ಸತ್ತ ಮೇಲೆ ಅವನಿಗೆ ಚಿಕ್ಕಮ್ಮನೇ ಮನೆಯ ಹಿರಿಯಳು. ವಾರಕ್ಕೊಮ್ಮೆಯಾದರೂ ಅವಳ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೆಂಡತಿಯ ಮೇಲೆ ದೂರು ಹೇಳಿ ಹೋಗುವುದು ಅಭ್ಯಾಸ.

"ಆ ಸ್ಕಾಟ್ಲೆಂಡಿನಮ್ಮ ಬಂದಿದಾಳಂತೆ?"

"ಬಂದಿದಾಳೆ. ಫಾರಂ ಅನುವಾದಕ್ಕೆ ಕೊಟ್ಟಿದಾಳೆ. ನಿನ್ನ ಹತ್ರ ಇರೋ ಮೇಲಿನ ಹಾಳೆ ಬೇಕು ಲೋರಿಸ್. ವಿಮೆಯವರಿಗೆ ಕೊಟ್ಟಿದೀಯಾ?"

"ಇಲ್ಲಪ್ಪ. ಕೊಟ್ಟಿದ್ದರೆ ಮುಂದಿನ ವರ್ಷ ಕಂತು ಏರಿಸ್ತಿದ್ದರು. ಬಂಪರ್ ನಾನೇ ಸರಿ ಮಾಡಿಸಿದೆ. ಹಾಳೆ ವ್ಯಾನಲ್ಲೇ ಎಲ್ಲೋ ಬಿದ್ದಿರುತ್ತೆ." ಸಕ್ಕರೆ ಕಲಕುತ್ತಾ ನಿಂತುಬಿಟ್ಟ. "ಯಾಕೆ, ಅವಳ ಹತ್ರ ಇರೋದರಲ್ಲಿ ಏನು ಕಮ್ಮಿ?"

"ಒಂದು ಅಕ್ಷರ ಕಾಣ್ತಿಲ್ಲ. ಕನ್ನಡಿ ನೋಡಲಿಲ್ಲ ಅಂತ ಬರೆದಿದಾನೆ. ನಾನು ಅಂತಲೋ, ಅವನು ಅಂತಲೋ ತಿಳೀತಿಲ್ಲ."

"ನಾನು ಅಂತ," ಎಂದ ಲೋರಿಸ್. ತುಂಬ ಬೇಗ ಹೇಳಿದ. "ಅವನೇ ನನ್ನ ಹತ್ರ ಹೇಳ್ದ. 'ನೋಡಲಿಲ್ಲ ಕಣಪ್ಪಾ' ಅಂದ. ವಯಸ್ಸಾಗಿತ್ತು ಚಿಕ್ಕಮ್ಮ, ಅದೂ ಸ್ಟೀರಿಂಗ್ ಬಲಗಡೆ ಇರೋ ಗಾಡಿ."

"ನೀನು ನೋಡಿದ್ಯಾ?"

"ಏನನ್ನ?"

"ಕನ್ನಡಿ."

"ದಿನಾ ಎರಡು ಸಲ ಇಳೀತೀನಿ ಆ ರಸ್ತೆ. ದಿನಾ ಯಾರು ನೋಡ್ತಾರೆ ಕನ್ನಡಿ? ಹಾರ್ನ್ ಹೊಡೀತೀನಿ."

"ಆವತ್ತು ಹೊಡೆದ್ಯಾ?"

ಲೋರಿಸ್ ಕಪ್ಪು ಕೆಳಗಿಟ್ಟ. "ನೀನೇನು ಪೊಲೀಸಾ?"

"ಹಾಳೆ ತಂದುಕೊಡು, ಸಾಕು."

"ನಾಳೆ ತರ್ತೀನಿ."

ಮಾರನೆಯ ದಿನ ಅವನು ಬರಲಿಲ್ಲ. ಡೆಲ್ಫಿನಾ ಬೇಕರಿಗೇ ಹೋದಳು. ಹಿಂದುಗಡೆ ಒಲೆಯ ಹತ್ತಿರ ನಿಂತಿದ್ದ ಲೋರಿಸ್ ಅವಳನ್ನು ಕಂಡು ಅಂಗಿಯ ತೋಳಿಗೆ ಮುಖ ಒರೆಸಿಕೊಂಡ.

"ಸಿಗಲಿಲ್ಲ."

"ಹುಡುಕಿದ್ಯಾ?"

"ಹುಡುಕಿದೆ. ವ್ಯಾನ್ ತೊಳೆಸುವಾಗ ಎಸೆದಿರಬೇಕು."

"ಲೋರಿಸ್. ನಿನ್ನೆ ಸಂಜೆ ಇದೆ ಅಂದೆ."

"ಇರಬೇಕು ಅಂದೆ." ಅವನು ಧ್ವನಿ ತಗ್ಗಿಸಿದ. "ಚಿಕ್ಕಮ್ಮ, ನಂಗೆ ಇಬ್ಬರು ಮಕ್ಕಳಿದಾರೆ. ಸತ್ತಿದಾನೆ ಅವನು. ಸತ್ತ ಮನುಷ್ಯನ ವಿಷಯ, ನಾಳೆ ಅದು ನ್ಯಾಯಾಲಯಕ್ಕೆ ಹೋಗಿ ನನ್ನ ಪರವಾನಗಿ ಕಿತ್ತುಕೊಂಡರೆ ಬ್ರೆಡ್ ಯಾರು ಸಾಗಿಸ್ತಾರೆ? ಜೈಲಿಗೂ ಹಾಕ್ತಾರಂತೆ, ಗೊತ್ತಾ? ನೀನು 'ನಾನು' ಅಂತ ಬರಿ. ಅಷ್ಟೇ. ಯಾರೂ ತಪ್ಪು ಅನ್ನೋಲ್ಲ, ಅಕ್ಷರ ಕಾಣ್ತಿಲ್ಲ ಅಂದ್ಯಲ್ಲ."

"ಹಾಳೆ ಏನು ಮಾಡ್ದೆ?"

ಲೋರಿಸ್ ಒಲೆಯ ಬಾಯಿಯ ಕಡೆ ನೋಡಲಿಲ್ಲ. ನೋಡಬಾರದು ಎಂದು ಕಷ್ಟಪಟ್ಟು ಅವಳ ಮುಖವನ್ನೇ ನೋಡುತ್ತಾ ನಿಂತ. ಡೆಲ್ಫಿನಾಗೆ ಅಷ್ಟು ಸಾಕಾಯಿತು. ಹಾಳೆಯ ಮೇಲೆ 'ನಾನು' ಎಂದಿದ್ದರೆ ಅವನು ಅದನ್ನು ಚೌಕಟ್ಟು ಹಾಕಿಸಿ ತರುತ್ತಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದೇನೂ ಇಲ್ಲ, ಅವಳು ಚೆನ್ನಾಗಿಯೇ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದು ಕೆಲಸ ಮುಗಿಸಿದಳು. ಹದಿನಾಲ್ಕನೇ ಅಂಕಣದ ಎದುರು ಅವಳು ಬರೆದದ್ದು ಹೀಗೆ: 'ನಾನು ಅಥವಾ ಅವನು ಕನ್ನಡಿ ನೋಡಲಿಲ್ಲ.' ಕೆಳಗೆ ಅನುವಾದಕಿಯ ಟಿಪ್ಪಣಿ: ಮೂಲದಲ್ಲಿ ಕರ್ತೃವನ್ನು ತಿಳಿಸುವುದು ಒಂದೇ ಅಕ್ಷರ. ಈ ಪ್ರತಿಯಲ್ಲಿ ಅದು ಮಬ್ಬಾಗಿದೆ. ಎರಡು ರೀತಿಯಲ್ಲೂ ಓದಬಹುದು. ಇನ್ನೊಂದು ಸಾಲು: 'ಎ' ಗಾಡಿಯ ಚಾಲಕ ನನ್ನ ಅಕ್ಕನ ಮಗ. ಸಹಿ, ತಾರೀಖು.

ಆಮೇಲೆ ಬೇರೆ ಒಂದು ಹಾಳೆ ತೆಗೆದಳು. ಅದು ಅನುವಾದವಲ್ಲ, ಅವಳ ಸ್ವಂತ ಹೇಳಿಕೆ. ಮೇಲಿನ ಹಾಳೆ ಇದೆ ಎಂದು ಲೋರಿಸ್ ತನಗೆ ಹೇಳಿದ್ದು, ಮಾರನೆಯ ದಿನ ಇಲ್ಲ ಎಂದದ್ದು, ದಿನಾ ಯಾರು ಕನ್ನಡಿ ನೋಡುತ್ತಾರೆ ಎಂದದ್ದು. ಕೇಳಿದ್ದಷ್ಟನ್ನೇ ಬರೆದಳು. ಒಲೆಯ ವಿಷಯ ಬರೆಯಲಿಲ್ಲ, ಅದನ್ನು ಅವಳು ಕಂಡಿರಲಿಲ್ಲ.

ಮೊರಾಗ್ ಎರಡನ್ನೂ ಓದಿದಳು. ಮೊದಲನೆಯದನ್ನು ಓದುವಾಗ ತುಟಿ ಬಿಗಿದುಕೊಂಡಿತು.

"ನಾನು ಅಥವಾ ಅವನು. ನಲವತ್ತೆಂಟು ವರ್ಷ ಸಂಸಾರ ಮಾಡಿದ ಮನುಷ್ಯನ ಕೊನೇ ಬರಹ, ನಾನು ಅಥವಾ ಅವನು."

"ಎರಡನೇ ಹಾಳೆ ವಕೀಲರಿಗೆ ಕೊಡಿ. ಕರೆದರೆ ಬಂದು ಹೇಳ್ತೀನಿ."

"ನಿನ್ನ ಅಕ್ಕನ ಮಗನ ಮೇಲೆ?"

"ಅವನ ಮೇಲೆ ಅಲ್ಲ. ಕೇಳಿದ್ದನ್ನ ಹೇಳ್ತೀನಿ."

ಮೊರಾಗ್ ಹಣ ಮೇಜಿನ ಮೇಲಿಟ್ಟಳು. ಡೆಲ್ಫಿನಾ ಬೇಡ ಎಂದರೂ ಕೇಳಲಿಲ್ಲ. "ನೀನು ಒಳ್ಳೇ ಮನಸ್ಸಿನವಳು ಅಂತ ಗೊತ್ತು," ಎಂದಳು ಬಾಗಿಲಲ್ಲಿ ನಿಂತು. ಹೊಗಳಿಕೆಯ ಧ್ವನಿಯಲ್ಲ. "ಒಳ್ಳೇ ಮನಸ್ಸಿಗಿಂತ ಒಂದು ಬಾಲ ಇದ್ದಿದ್ದರೆ ನಂಗೆ ಉಪಯೋಗ ಆಗ್ತಿತ್ತು."

ಲೋರಿಸನಿಗೆ ಬೇರೆಯವರಿಂದ ತಿಳಿಯುವುದು ಬೇಡ ಎಂದು ಡೆಲ್ಫಿನಾ ತಾನೇ ಹೇಳಿದಳು. ಬೇಕರಿಯ ಹೊರಗೆ, ವ್ಯಾನಿಗೆ ಬುಟ್ಟಿ ತುಂಬುತ್ತಿದ್ದವನು ಕೇಳಿಸಿಕೊಂಡು, ತುಂಬುವುದನ್ನು ನಿಲ್ಲಿಸದೆ, "ನೀನು ನಮ್ಮಮ್ಮನ ತಂಗಿ ಅಂತ ಅಂದುಕೊಂಡಿದ್ದೆ," ಎಂದ.

"ಹೌದಲ್ಲ."

"ಅಮ್ಮ ಇದ್ದಿದ್ದರೆ ನಿನ್ನ ಮುಖಕ್ಕೆ ಉಗೀತಿದ್ದಳು."

"ನಿಮ್ಮಮ್ಮ ಇದ್ದಿದ್ದರೆ ನಿನ್ನ ಕಿವಿ ಹಿಡಿದು ಹಾಳೆ ತರಿಸ್ತಿದ್ದಳು."

ಅವನು ವ್ಯಾನಿನ ಬಾಗಿಲನ್ನು ದಡಾರನೆ ಹಾಕಿದ. ಆ ದಿನದಿಂದ ಅವಳ ಮನೆಗೆ ಬರುವುದನ್ನು ಬಿಟ್ಟ. ಅವನ ಹೆಂಡತಿ, ಮಕ್ಕಳು ದಾರಿಯಲ್ಲಿ ಸಿಕ್ಕರೆ ಅಂಗಡಿಯ ಕಿಟಕಿಗಳನ್ನು ನೋಡತೊಡಗಿದರು. ಊರು ಸಣ್ಣದು, ಸುದ್ದಿ ಹರಡಿತು. ಕ್ರಿಸ್‌ಮಸ್ ಹೊತ್ತಿಗೆ ಅರ್ಧ ಊರು ಅವಳು ರಕ್ತಸಂಬಂಧಕ್ಕೆ ದ್ರೋಹ ಬಗೆದಳೆಂದಿತು. ಸ್ಕಾಟ್ಲೆಂಡಿನಲ್ಲಿ ನೆಂಟರಿದ್ದ ಇನ್ನರ್ಧ, ಅಕ್ಕನ ಮಗನನ್ನು ಉಳಿಸಲು ಸತ್ತವನ ಮಾತನ್ನು ಮಬ್ಬು ಮಾಡಿದಳೆಂದಿತು. ಕಾಫಿ ಅಂಗಡಿಯ ಮಾಲೀಕನೊಬ್ಬ ಎರಡನ್ನೂ ಒಂದೇ ದಿನ ಹೇಳಿದನಂತೆ, ಗಿರಾಕಿ ನೋಡಿಕೊಂಡು.

ಜನವರಿಯಲ್ಲಿ ಮೊರಾಗ್‌ಳಿಂದ ಕಾಗದ ಬಂತು. ಒಳಗೆ ವಿಮೆಯವರ ಉತ್ತರದ ನಕಲು. ಅನುವಾದಕಿಯೇ ಎದುರು ಕಡೆಯವರ ಸಂಬಂಧಿ ಎಂದು ಒಪ್ಪಿಕೊಂಡಿರುವುದರಿಂದ ಆ ಅನುವಾದವನ್ನು ಪಕ್ಕಕ್ಕಿಟ್ಟಿದ್ದೇವೆ, ಆಕೆಯ ಹೇಳಿಕೆ ಮೂಲ ದಾಖಲೆಯ ಭಾಗವಲ್ಲ, ನಮ್ಮದೇ ಏಜೆನ್ಸಿಯಿಂದ ಹೊಸ ಅನುವಾದ ಮಾಡಿಸಿದ್ದೇವೆ, ಎಂದಿತ್ತು. ಹೊಸ ಅನುವಾದವೂ ಜೊತೆಗಿತ್ತು. ಅಚ್ಚುಕಟ್ಟಾಗಿ, ಮುದ್ರೆ ಸಮೇತ. ಮೂರನೇ ಅಂಕಣ, ಗಾಯ ಇಲ್ಲ. ಹದಿನಾಲ್ಕನೇ ಅಂಕಣ: 'ನಾನು ಕನ್ನಡಿ ನೋಡಲಿಲ್ಲ.' ಟಿಪ್ಪಣಿ ಇಲ್ಲ, ಅನುಮಾನ ಇಲ್ಲ. ಎಲ್ಲೋ ಒಬ್ಬ ಹುಡುಗನೋ ಹುಡುಗಿಯೋ, ಆ ತಿರುವನ್ನು ಕಾಣದವರು, ಒಂದು ಸುತ್ತನ್ನು ನೋಡಿ 'ಓ' ಎಂದುಕೊಂಡು ಮುಂದಿನ ಕೆಲಸ ಎತ್ತಿಕೊಂಡಿದ್ದರು. ಚಾಲಕ ತನ್ನ ತಪ್ಪನ್ನು ಬರಹದಲ್ಲಿ ಒಪ್ಪಿಕೊಂಡಿರುವುದರಿಂದ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ವಕೀಲರ ಖರ್ಚು ಕೊಡಲಾಗುವುದಿಲ್ಲ.

ಮೊರಾಗ್ ಬರೆದದ್ದು ನಾಲ್ಕೇ ಸಾಲು. ಸ್ವಂತ ಹಣದಿಂದ ಇಟಲಿಯಲ್ಲಿ ದಾವೆ ಹೂಡುವ ಶಕ್ತಿ ತನಗಿಲ್ಲ. ಮಕ್ಕಳು ಈಗ ಅಪ್ಪನೇ ಒಪ್ಪಿಕೊಂಡಿದ್ದಾನಲ್ಲ ಎನ್ನುತ್ತಿದ್ದಾರೆ, ಕಣ್ಣು ಪರೀಕ್ಷೆ ಮಾಡಿಸು ಎಂದರೆ ಕೇಳಲಿಲ್ಲವಲ್ಲ ಎಂದು ಬೈಯುತ್ತಿದ್ದಾರೆ. ತಾನೂ ಒಮ್ಮೊಮ್ಮೆ ಹಾಗೆಯೇ ಅಂದುಕೊಳ್ಳುತ್ತೇನೆ. ಅದೇ ತಡೆಯಲಾಗದ್ದು.

ಡೆಲ್ಫಿನಾ ವಿಮೆಯವರಿಗೆ ಬರೆದಳು. ಅಕ್ಷರದ ದೊಡ್ಡ ಚಿತ್ರ ತೆಗೆದು ಲಗತ್ತಿಸಿದಳು, ಲುಕ್ಕಾದ ಅನುವಾದಕನಿಂದಲೂ ಎರಡು ರೀತಿ ಓದಬಹುದು ಎಂದು ಬರೆಸಿ ಕಳಿಸಿದಳು. ಮೂರನೆಯ ಪಕ್ಷದವರ ಜೊತೆ ಪತ್ರವ್ಯವಹಾರ ಮಾಡುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಅದನ್ನೆಲ್ಲ ಮೊರಾಗ್‌ಗೆ ಕಳಿಸಿ, ಅಲ್ಲಿ ದೂರು ಕೇಳುವ ಕಚೇರಿಯೊಂದಿದೆ, ಪ್ರಯತ್ನಿಸಿ ಎಂದಳು. ಮೊರಾಗ್ ಉತ್ತರಿಸಲಿಲ್ಲ.

ತಾನು ಸಂಬಂಧ ಮುಚ್ಚಿಟ್ಟಿದ್ದರೆ ಆ ಟಿಪ್ಪಣಿಯಾದರೂ ಉಳಿಯುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು. ಮೊದಲ ದಿನವೇ ಹಟ ಹಿಡಿದು ಲುಕ್ಕಾಕ್ಕೆ ಕಳಿಸಿದ್ದರೂ ಉಳಿಯುತ್ತಿತ್ತು. ಸುಳ್ಳು ಹೇಳಿದ ಲೋರಿಸ್ ದಿನಾ ಬೆಟ್ಟ ಹತ್ತಿ ಇಳಿಯುತ್ತಿದ್ದ. ಮಾರ್ಚಿನಲ್ಲಿ ಹೊಸ ವ್ಯಾನ್ ಕೊಂಡ.

ಏಪ್ರಿಲಿನಲ್ಲಿ, ಮೊರಾಗ್ ಮಾರಲಿಟ್ಟಿದ್ದ ಸೊಮ್ಮೊಕೊಲೋನಿಯಾದ ಮನೆಯನ್ನು ಕೊಳ್ಳಲು ಡಚ್ ದಂಪತಿಗಳು ಸಿಕ್ಕಿದರು. ಕ್ರಯಪತ್ರವನ್ನು ಇಂಗ್ಲಿಷಿನಲ್ಲಿ ಓದಿ ಹೇಳಲು ಒಬ್ಬರು ಬೇಕಾಗಿತ್ತು. ಮಾರುವ ದಿನ ಡೆಲ್ಫಿನಾ ನೋಟರಿಯ ಕಚೇರಿಯ ಮುಂದೆ ಹಾದುಹೋಗುತ್ತಿದ್ದಾಗ ಮೊರಾಗ್ ಕಾರಿನಿಂದ ಇಳಿಯುತ್ತಿದ್ದಳು. ಪಕ್ಕದಲ್ಲಿ ಲುಕ್ಕಾದ ಅನುವಾದಕ ಕಾಗದ ಹಿಡಿದು ನಿಂತಿದ್ದ. ಅವನು ಡೆಲ್ಫಿನಾಗೆ ಕೈ ಎತ್ತಿ ನಮಸ್ಕಾರ ಮಾಡಿದ. ಮೊರಾಗ್ ಅವಳನ್ನು ನೋಡಿದಳು, ನೋಡಿದ್ದು ಇಬ್ಬರಿಗೂ ಗೊತ್ತಾಯಿತು. ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಒಳಗೆ ಹೋದಳು.